ಲೋಲಕದ ಲೆಕ್ಕ ತಪ್ಪಿದ್ದೆಲ್ಲಿ? ಲ್ಯಾಬ್ ವರದಿಯಲ್ಲಿ ಚರ್ಚೆ ಬರೆಯುವ ಬಗೆ

ಬಿಎಸ್ಸಿ ಭೌತಶಾಸ್ತ್ರದ ಲ್ಯಾಬಿನಲ್ಲಿ ಸರಳ ಲೋಲಕಕ್ಕಿಂತ ಸರಳವಾದ ಪ್ರಯೋಗ ಇನ್ನೊಂದಿರಲಾರದು. ಸೀಳಿದ ಬಿರಡೆಯ ನಡುವೆ ದಾರ ಸಿಕ್ಕಿಸಿ, ತುದಿಗೆ ಹಿತ್ತಾಳೆಯ ಗುಂಡು ಕಟ್ಟಿ, ಮೆಲ್ಲಗೆ ತೂಗಿಬಿಟ್ಟು, 20 ಆಂದೋಲನಗಳಿಗೆ ಎಷ್ಟು ಸೆಕೆಂಡು ಬೇಕೆಂದು ಅಳೆದರಾಯಿತು. ಉದ್ದ L, ಒಂದು ಆಂದೋಲನದ ಅವಧಿ T ಗೊತ್ತಾದರೆ ಗುರುತ್ವ ವೇಗೋತ್ಕರ್ಷ g ಕೈಗೆ ಬರುತ್ತದೆ:

T = 2π√(L/g), ಅಂದರೆ g = 4π²L/T²

ಕಷ್ಟ ಶುರುವಾಗುವುದು ಉತ್ತರ ಬಂದ ಮೇಲೆ. ವರದಿಯ ಕೊನೆಗೆ 'ಚರ್ಚೆ' ಎಂಬ ತಲೆಬರಹ ಹಾಕಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬರೆಯುವುದು ಹೀಗೆ: "ನಮಗೆ ಬಂದ ಬೆಲೆ 9.59. ನಿಜವಾದ ಬೆಲೆ 9.8. ಗಾಳಿಯ ತಡೆ, ಉಪಕರಣದ ದೋಷ ಮತ್ತು ಮಾನವ ದೋಷದಿಂದಾಗಿ ಶೇ. 2ರಷ್ಟು ವ್ಯತ್ಯಾಸ ಬಂದಿದೆ. ಎಚ್ಚರದಿಂದ ಪ್ರಯೋಗ ಮಾಡಿದರೆ ಇದನ್ನು ಕಡಿಮೆ ಮಾಡಬಹುದು."

ಈ ನಾಲ್ಕು ವಾಕ್ಯಗಳಲ್ಲಿ ಮೊದಲನೆಯದೊಂದನ್ನು ಬಿಟ್ಟರೆ ಉಳಿದ ಯಾವುದೂ ಆ ಪ್ರಯೋಗದಿಂದ ಬಂದದ್ದಲ್ಲ. ಗಾಳಿ ಎಷ್ಟು ತಡೆಯಿತು? ಯಾವ ಉಪಕರಣದಲ್ಲಿ ಯಾವ ದೋಷ? ಮನುಷ್ಯ ಮಾಡಿದ ತಪ್ಪು ಉದ್ದದಲ್ಲೋ ಎಣಿಕೆಯಲ್ಲೋ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಚರ್ಚೆಯನ್ನು ಪ್ರಯೋಗ ಮಾಡದವರೂ ಬರೆಯಬಹುದು. ನಿಜವಾದ ಚರ್ಚೆಯಲ್ಲಿ ಪ್ರತಿಯೊಂದು ಕಾರಣವೂ ಮೂರು ಪ್ರಶ್ನೆಗಳನ್ನು ದಾಟಿ ಬರಬೇಕು. ಅದು g ಬೆಲೆಯನ್ನು ಏರಿಸುತ್ತದೆಯೋ ಇಳಿಸುತ್ತದೆಯೋ? ಎಷ್ಟರ ಮಟ್ಟಿಗೆ? ಅಂಕಿಗಳಲ್ಲಿ ಅದು ಬಿಟ್ಟುಹೋಗುವ ಗುರುತು ನಮ್ಮ ಅಂಕಿಗಳಲ್ಲಿ ಕಾಣುತ್ತಿದೆಯೇ? ದಿಕ್ಕು, ಗಾತ್ರ, ಗುರುತು: ಈ ಮೂರನ್ನು ಹಿಡಿದು ಒಂದು ಲೋಲಕದ ಲೆಕ್ಕವನ್ನು ಕೊನೆಯವರೆಗೂ ನೋಡೋಣ. ಇಲ್ಲಿನ ಅಂಕಿಗಳು ವಿವರಣೆಗಾಗಿ ಕಟ್ಟಿಕೊಂಡವು. ಆದರೆ ಲ್ಯಾಬಿನ ಮೇಜಿನ ಮೇಲೆ ಬರುವುದು ಇಂಥವೇ ಅಂಕಿಗಳು.

ಐದು ಉದ್ದ, ಐದು ಉತ್ತರ

ಬೆಂಗಳೂರಿನ ಒಂದು ಕಾಲೇಜಿನಲ್ಲಿ ಈ ಪ್ರಯೋಗ ನಡೆದಿದೆ ಎಂದುಕೊಳ್ಳಿ. ವಿದ್ಯಾರ್ಥಿನಿ ದಾರದ ಉದ್ದವನ್ನು ಮೀಟರ್ ಸ್ಕೇಲಿನಿಂದ ಅಳೆದು 40, 55, 70, 85 ಮತ್ತು 100 ಸೆಂ.ಮೀ.ಗೆ ಹೊಂದಿಸಿದ್ದಾಳೆ. ಪ್ರತಿ ಉದ್ದಕ್ಕೂ 20 ಆಂದೋಲನಗಳ ಕಾಲವನ್ನು ಮೂರು ಸಲ ಅಳೆದು ಸರಾಸರಿ ತೆಗೆದಿದ್ದಾಳೆ. ಗುಂಡನ್ನು ಸುಮಾರು 5 ಡಿಗ್ರಿಯಷ್ಟೇ ಎಳೆದು ಬಿಟ್ಟಿದ್ದೇನೆಂದು ರೆಕಾರ್ಡಿನಲ್ಲಿ ಬರೆದಿದ್ದಾಳೆ. ಆಕೆಗೆ ಸಿಕ್ಕ ಸರಾಸರಿ ಕಾಲ ಮತ್ತು ಸೂತ್ರದಿಂದ ಬಂದ g ಹೀಗಿವೆ:

- 40 ಸೆಂ.ಮೀ.: 25.83 ಸೆಕೆಂಡು, g = 9.47
- 55 ಸೆಂ.ಮೀ.: 30.09 ಸೆಕೆಂಡು, g = 9.59
- 70 ಸೆಂ.ಮೀ.: 33.95 ಸೆಕೆಂಡು, g = 9.59
- 85 ಸೆಂ.ಮೀ.: 37.31 ಸೆಕೆಂಡು, g = 9.64
- 100 ಸೆಂ.ಮೀ.: 40.46 ಸೆಕೆಂಡು, g = 9.65

ಐದರ ಸರಾಸರಿ 9.59 ಮೀ./ಸೆ². ಕ್ಯಾಲ್ಕ್ಯುಲೇಟರ್ 9.5879 ಎಂದು ತೋರಿಸಿದರೂ ಕೊನೆಯ ಎರಡು ಅಂಕಿಗಳಿಗೆ ಅರ್ಥವಿಲ್ಲ. ಯಾಕೆ ಇಲ್ಲವೆಂಬುದು ಮುಂದಿನ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಈ 9.59ನ್ನು ಯಾವುದರ ಜೊತೆ ಹೋಲಿಸಬೇಕು? ಪಠ್ಯಪುಸ್ತಕದ 9.8 ಎಂಬುದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡ ದುಂಡು ಸಂಖ್ಯೆ. 9.80665 ಎಂಬ ನಿಖರವಾದ ಸಂಖ್ಯೆಯೂ 1901ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೊಂದು ಒಪ್ಪಂದದಿಂದ ನಿಗದಿ ಮಾಡಿದ ಮಾನಕ. ಯಾವ ಊರಿನ ನೆಲದಲ್ಲೂ ಅಷ್ಟೇ ಇರಬೇಕೆಂದೇನಿಲ್ಲ. ಬೆಂಗಳೂರು ಸಮಭಾಜಕ ವೃತ್ತಕ್ಕೆ ಹತ್ತಿರ, ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲೂ ಇದೆ. ಎರಡೂ ಸೇರಿ ಅಲ್ಲಿನ g ಸುಮಾರು 9.78. ಆದ್ದರಿಂದ ನಮ್ಮ ವಿದ್ಯಾರ್ಥಿನಿಯ ಉತ್ತರ 0.19ರಷ್ಟು, ಅಂದರೆ ಶೇ. 1.9ರಷ್ಟು ಕಡಿಮೆ ಬಂದಿದೆ.

ಶೇ. 1.9 ಎಂದರೆ ದೊಡ್ಡದೋ ಚಿಕ್ಕದೋ? ಆ ಸಂಖ್ಯೆಯನ್ನಷ್ಟೇ ನೋಡಿ ಹೇಳಲಾಗದು. ಆಕೆಯ ಅಳತೆ ಶೇ. 5ರಷ್ಟು ಅತ್ತಿತ್ತ ಆಗುವಂಥದ್ದಾಗಿದ್ದರೆ ಇದು ಒಳ್ಳೆಯ ಉತ್ತರ. ಶೇ. 0.2ರ ಮಟ್ಟಿಗೆ ನಂಬಬಹುದಾದ ಅಳತೆಯಾಗಿದ್ದರೆ ಎಲ್ಲೋ ಏನೋ ತಪ್ಪಾಗಿದೆ. ಹಾಗಾಗಿ ಚರ್ಚೆಯ ಮೊದಲ ಕೆಲಸ, ನಮ್ಮ ಅಳತೆಯನ್ನು ಎಷ್ಟರ ಮಟ್ಟಿಗೆ ನಂಬಬಹುದೆಂದು ಹೇಳುವುದು. ಇದನ್ನೇ ಅನಿಶ್ಚಿತತೆ ಎನ್ನುತ್ತಾರೆ. ಪುಸ್ತಕದ ಬೆಲೆಯಿಂದ ನಾವೆಷ್ಟು ದೂರ ಇದ್ದೇವೆಂಬುದು ಬೇರೆ, ನಮ್ಮ ಅಳತೆ ಎಷ್ಟು ಅಲುಗಾಡುತ್ತದೆಂಬುದು ಬೇರೆ. ಎರಡನ್ನೂ 'ದೋಷ' ಎಂಬ ಒಂದೇ ಹೆಸರಿನಿಂದ ಕರೆದಾಗ ಗೊಂದಲ ಹುಟ್ಟುತ್ತದೆ.

ಅಳತೆ ಎಷ್ಟು ಅಲುಗಾಡುತ್ತದೆ?

100 ಸೆಂ.ಮೀ. ದಾರದ ಮೂರು ಓದಿಕೆಗಳನ್ನೇ ತೆಗೆದುಕೊಳ್ಳಿ: 40.38, 40.53, 40.47 ಸೆಕೆಂಡು. ಸ್ಟಾಪ್‌ವಾಚ್ ಸೆಕೆಂಡಿನ ನೂರನೇ ಒಂದು ಭಾಗದವರೆಗೂ ತೋರಿಸುತ್ತದೆ. ಹಾಗೆಂದು ಅನಿಶ್ಚಿತತೆಯನ್ನು 0.01 ಎಂದು ಬರೆದರೆ ತಪ್ಪು. ಗುಂಡು ನಡುಗೆರೆ ದಾಟಿದ್ದನ್ನು ಕಣ್ಣು ಕಂಡು ಹೆಬ್ಬೆರಳು ಗುಂಡಿ ಒತ್ತುವಷ್ಟರಲ್ಲಿ ಒಂದಷ್ಟು ಸಮಯ ಸರಿಯುತ್ತದೆ. ಶುರುವಿನಲ್ಲೂ ಕೊನೆಯಲ್ಲೂ ಒಂದೇ ಪ್ರಮಾಣದ ವಿಳಂಬವಾದರೆ ಅವು ಒಂದನ್ನೊಂದು ಕಳೆದುಹಾಕುತ್ತವೆ. ಆದರೆ ಪ್ರತಿ ಸಲವೂ ವಿಳಂಬ ಅಷ್ಟೇ ಇರುವುದಿಲ್ಲ. ಆ ಏರಿಳಿತವೇ ಮೂರು ಓದಿಕೆಗಳ ಚದುರುವಿಕೆಯಾಗಿ ಕಾಣುತ್ತಿದೆ.

ಈ ಮೂರರ ಮಾನಕ ವಿಚಲನೆ ಸುಮಾರು 0.08 ಸೆಕೆಂಡು. ಮೂರನ್ನೂ ಸರಾಸರಿ ಮಾಡಿದ್ದರಿಂದ ಅದನ್ನು √3ರಿಂದ ಭಾಗಿಸಿದರೆ 0.04 ಸೆಕೆಂಡು. ಅಂದರೆ ಕಾಲ 40.46 ± 0.04 ಸೆಕೆಂಡು, ಇದು ಶೇ. 0.1ರಷ್ಟು ಅನಿಶ್ಚಿತತೆ. ಸೂತ್ರದಲ್ಲಿ T ವರ್ಗವಾಗಿ ಬರುವುದರಿಂದ g ಮೇಲೆ ಅದರ ಪರಿಣಾಮ ಎರಡು ಪಟ್ಟು, ಶೇ. 0.2. ಇನ್ನು ಉದ್ದ: ಸ್ಕೇಲನ್ನು ದಾರದ ಪಕ್ಕ ಹಿಡಿದು ಓದುವಾಗ 1 ಮಿ.ಮೀ. ಆಚೀಚೆ ಆಗಬಹುದು, ಒಂದು ಮೀಟರಿನಲ್ಲಿ ಅದು ಶೇ. 0.1.

ಈ ಎರಡನ್ನೂ ನೇರವಾಗಿ ಕೂಡುವುದಿಲ್ಲ. ಕಾಲದ ತಪ್ಪಿಗೂ ಉದ್ದದ ತಪ್ಪಿಗೂ ಸಂಬಂಧವಿಲ್ಲದ ಕಾರಣ, ಎರಡೂ ಒಂದೇ ದಿಕ್ಕಿಗೆ ಪೂರ್ತಿಯಾಗಿ ವಾಲುವ ಸಂಭವ ಕಡಿಮೆ. ಆದ್ದರಿಂದ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆಯುತ್ತಾರೆ: √(0.2² + 0.1²), ಅಂದರೆ ಶೇ. 0.22. ಹಾಗಾಗಿ ಒಂದು ಮೀಟರ್ ದಾರದಿಂದ ಬಂದ ಉತ್ತರ 9.65 ± 0.02.

ಈಗ ಆ ಹಳೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ. 9.78ಕ್ಕೂ 9.65ಕ್ಕೂ ಇರುವ ಅಂತರ 0.13, ಅನಿಶ್ಚಿತತೆಯ ಆರು ಪಟ್ಟಿಗೂ ಹೆಚ್ಚು. ಕೈ ಅಲುಗಿದ್ದರಿಂದ, ಕಣ್ಣು ತಡವಾದದ್ದರಿಂದ ಇಷ್ಟು ದೊಡ್ಡ ಅಂತರ ಬರಲು ಸಾಧ್ಯವಿಲ್ಲ. ಇನ್ನೂ ಐವತ್ತು ಸಲ ಕಾಲ ಅಳೆದು ಸರಾಸರಿ ತೆಗೆದರೂ ಅಂತರ ಹೋಗುವುದಿಲ್ಲ. ಪ್ರತಿ ಅಳತೆಯನ್ನೂ ಒಂದೇ ಕಡೆಗೆ ಎಳೆಯುತ್ತಿರುವ ಯಾವುದೋ ಕಾರಣ ಇಲ್ಲಿದೆ. ಅಳತೆಗಳನ್ನು ಅತ್ತಿತ್ತ ಚದುರಿಸುವುದು ಯಾದೃಚ್ಛಿಕ ದೋಷ, ಒಂದೇ ಕಡೆಗೆ ಎಳೆಯುವುದು ವ್ಯವಸ್ಥಿತ ದೋಷ. ನಮ್ಮ ಮುಂದಿರುವುದು ಎರಡನೆಯದು.

ಕಾರಣಗಳ ಪರೀಕ್ಷೆ

ಎಲ್ಲರೂ ಮೊದಲು ಬೆರಳು ತೋರಿಸುವ ಗಾಳಿಯ ತಡೆಯಿಂದಲೇ ಶುರುಮಾಡೋಣ. ದಿಕ್ಕು ಸರಿಯಾಗಿದೆ: ತಡೆ ಅವಧಿಯನ್ನು ಹೆಚ್ಚಿಸುತ್ತದೆ, ಅವಧಿ ಹೆಚ್ಚಿದರೆ g ಕಡಿಮೆ ಬರುತ್ತದೆ. ಗಾತ್ರ? ತೂಗಾಟದ ಅಗಲ ಎರಡು ನಿಮಿಷಗಳಲ್ಲಿ ಅರ್ಧಕ್ಕಿಳಿಯಿತು ಎಂದುಕೊಳ್ಳೋಣ. ಆಗ ಕ್ಷಯದ ದರ γ = 0.693/120, ಅಂದರೆ ಸೆಕೆಂಡಿಗೆ 0.0058. ಒಂದು ಮೀಟರ್ ಲೋಲಕದ ಕೋನೀಯ ಆವೃತ್ತಿ ω ಸುಮಾರು 3.1. g ಮೇಲೆ ಆಗುವ ಪರಿಣಾಮ (γ/ω)², ಅಂದರೆ ಹತ್ತು ಲಕ್ಷದಲ್ಲಿ ಮೂರೂವರೆ ಪಾಲು. ನಮ್ಮ ಅಂತರ ಹತ್ತು ಲಕ್ಷದಲ್ಲಿ 19,000 ಪಾಲು. ತೂಗಾಟ ಕ್ರಮೇಣ ಕುಗ್ಗುವುದು ಕಣ್ಣಿಗೆ ಕಾಣುವುದರಿಂದ ಗಾಳಿಯೇ ತಪ್ಪಿತಸ್ಥ ಎನಿಸುತ್ತದೆ. ಆದರೆ ತೂಗಾಟದ ಅಗಲ ಕುಗ್ಗುವುದು ಬೇರೆ, ಅವಧಿ ಬದಲಾಗುವುದು ಬೇರೆ. ಗಾಳಿಗೆ ತೇಲಿಸುವ ಗುಣವೂ ಇದೆ. ಹಿತ್ತಾಳೆಯ ಸಾಂದ್ರತೆಯ ಮುಂದೆ ಗಾಳಿಯದು ಎಷ್ಟು ಕಡಿಮೆಯೆಂದರೆ, ಅದರ ಪರಿಣಾಮವೂ ಶೇ. 0.02ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಗಾಳಿಯನ್ನು ಪಟ್ಟಿಯಿಂದ ತೆಗೆದುಹಾಕಬಹುದು. ಆದರೆ ಯಾಕೆ ತೆಗೆದೆವೆಂಬ ಲೆಕ್ಕ ವರದಿಯಲ್ಲಿರಬೇಕು.

ಮುಂದಿನದು ತೂಗಾಟದ ಕೋನ. ನಮ್ಮ ಸೂತ್ರ ನಿಜವಾಗುವುದು ಕೋನ ತೀರಾ ಚಿಕ್ಕದಾಗಿದ್ದಾಗ ಮಾತ್ರ. ಕೋನ θ (ರೇಡಿಯನ್‌ನಲ್ಲಿ) ಆದರೆ ಅವಧಿ ಸುಮಾರು θ²/16ರಷ್ಟು ಹೆಚ್ಚುತ್ತದೆ. ಹಾಗಾಗಿ ಇಲ್ಲೂ ದಿಕ್ಕು ಸರಿ, g ಕಡಿಮೆ ಬರುತ್ತದೆ. 5 ಡಿಗ್ರಿಗೆ ಅವಧಿಯಲ್ಲಿ ಶೇ. 0.05, g ಬೆಲೆಯಲ್ಲಿ ಶೇ. 0.1ರಷ್ಟು ವ್ಯತ್ಯಾಸವಾಗುತ್ತದೆ. 10 ಡಿಗ್ರಿಗೆ g ಬೆಲೆಯಲ್ಲಿ ಶೇ. 0.4. ಇದು ಗಾಳಿಯಷ್ಟು ನಿರ್ಲಕ್ಷ್ಯಕ್ಕೆ ಯೋಗ್ಯವಲ್ಲ. ಲೆಕ್ಕವನ್ನು ತಿರುಗಿಸಿ ಕೇಳೋಣ: ಶೇ. 1.9ರ ಅಂತರ ಕೋನದಿಂದಲೇ ಬಂದಿದ್ದರೆ ಕೋನ ಎಷ್ಟಿರಬೇಕಿತ್ತು? ಸುಮಾರು 22 ಡಿಗ್ರಿ. ಅಷ್ಟು ದೂರ ಎಳೆದು ಬಿಟ್ಟಿದ್ದರೆ ಯಾರಿಗೂ ಗೊತ್ತಾಗದೆ ಇರುವುದಿಲ್ಲ. ಮೇಲಾಗಿ ಕೋನದ ದೋಷ ಎಲ್ಲ ಉದ್ದಗಳಿಗೂ ಒಂದೇ ಶೇಕಡಾವಾರು ಪ್ರಮಾಣದಲ್ಲಿ ತಟ್ಟಬೇಕಿತ್ತು. ಆದ್ದರಿಂದ ಗುರುತೂ ಹೊಂದುವುದಿಲ್ಲ.

ಮೂರನೆಯದು ಎಣಿಕೆ. ಗುಂಡನ್ನು ಬಿಟ್ಟ ಕ್ಷಣಕ್ಕೆ 'ಸೊನ್ನೆ' ಎನ್ನುವ ಬದಲು 'ಒಂದು' ಎಂದು ಎಣಿಸಲು ಶುರುಮಾಡುವುದು ಲ್ಯಾಬಿನಲ್ಲಿ ತೀರಾ ಸಾಮಾನ್ಯ. ಆಗ ನಿಜಕ್ಕೂ ಆಗಿರುವುದು 19 ಆಂದೋಲನ, ಭಾಗಿಸುವುದು 20ರಿಂದ. ಅವಧಿ ಶೇ. 5ರಷ್ಟು ಕಡಿಮೆ, g ಬೆಲೆ 10.8ರ ಹತ್ತಿರ. ಇಲ್ಲಿ ದಿಕ್ಕೂ ತಪ್ಪು, ಗಾತ್ರವೂ ತಪ್ಪು. ಒಂದು ಎಣಿಕೆ ಹೆಚ್ಚಾದರೂ ಕಡಿಮೆಯಾದರೂ ಅದು ಶೇ. 10ರಷ್ಟು ಕುಪ್ಪಳಿಸಿ ಕಾಣಿಸಿಕೊಳ್ಳುತ್ತದೆ, ಶೇ. 1.9ರಂಥ ಸಣ್ಣ ಅಂತರದೊಳಗೆ ಅಡಗಿ ಕೂರಲಾರದು.

ಹೀಗೆ ಮೂರನ್ನೂ ತಳ್ಳಿಹಾಕಿದ ಮೇಲೆ ಅಂಕಿಗಳ ಕಡೆಗೇ ಮತ್ತೊಮ್ಮೆ ನೋಡಬೇಕು. 9.47, 9.59, 9.59, 9.64, 9.65. ಇವು ಮನಬಂದಂತೆ ಚದುರಿಲ್ಲ. ದಾರ ಉದ್ದವಾದಂತೆ ಉತ್ತರ ಮೇಲೇರುತ್ತಿದೆ. ಭೂಮಿಯ ಗುರುತ್ವಕ್ಕೆ ನಮ್ಮ ದಾರದ ಉದ್ದ ಗೊತ್ತಿಲ್ಲ. ಹಾಗಾದರೆ ಗಿಡ್ಡ ದಾರವನ್ನು ಹೆಚ್ಚು, ಉದ್ದ ದಾರವನ್ನು ಕಡಿಮೆ ಕಾಡುವ ಒಂದು ತಪ್ಪು ಇಲ್ಲಿರಬೇಕು. ಉದ್ದದಲ್ಲಿ ಪ್ರತಿ ಸಲವೂ ಅಷ್ಟೇ ಮಿಲಿಮೀಟರುಗಳು ಬಿಟ್ಟುಹೋಗಿದ್ದರೆ ಹೀಗಾಗುತ್ತದೆ: ಒಂದು ಸೆಂಟಿಮೀಟರು ನಲವತ್ತರಲ್ಲಿ ದೊಡ್ಡ ಪಾಲು, ನೂರರಲ್ಲಿ ಚಿಕ್ಕ ಪಾಲು. ಎಲ್ಲವನ್ನೂ ಸೇರಿಸಿ 9.59 ಎಂಬ ಸರಾಸರಿ ತೆಗೆದಾಗ ಕಣ್ಣಿಂದ ಮರೆಯಾದದ್ದು ಈ ಸುಳಿವೇ.

ಗೆರೆ ಎಲ್ಲಿ ಮುಟ್ಟುತ್ತದೆ?

ಈ ಅನುಮಾನವನ್ನು ಪರೀಕ್ಷಿಸಲು ಗ್ರಾಫ್ ಬೇಕು. ದಾರದ ಉದ್ದ l ಅನ್ನು ಅಡ್ಡ ಅಕ್ಷದಲ್ಲೂ T² ಅನ್ನು ಲಂಬ ಅಕ್ಷದಲ್ಲೂ ಗುರುತಿಸಿದರೆ ಸರಳರೇಖೆ ಬರುತ್ತದೆ. ಉದ್ದವನ್ನು ಸರಿಯಾಗಿ ಅಳೆದಿದ್ದರೆ ಆ ಗೆರೆ ಮೂಲಬಿಂದುವಿನ ಮೂಲಕವೇ ಹಾಯಬೇಕು. ಉದ್ದ ಸೊನ್ನೆಯಾದರೆ ಅವಧಿಯೂ ಸೊನ್ನೆ. ಪ್ರತಿ ಸಲವೂ r ಎಂಬ ಒಂದೇ ಅಳತೆ ಬಿಟ್ಟುಹೋಗಿದ್ದರೆ ಸಂಬಂಧ ಹೀಗಾಗುತ್ತದೆ:

T² = (4π²/g)(l + r)

ಈಗಲೂ ಸರಳರೇಖೆಯೇ, ಅದೇ ಇಳಿಜಾರು. ಆದರೆ ಗೆರೆ ಮೂಲಬಿಂದುವನ್ನು ಬಿಟ್ಟು ಲಂಬ ಅಕ್ಷವನ್ನು ಸ್ವಲ್ಪ ಮೇಲೆ ಮುಟ್ಟುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ, r ಇಳಿಜಾರನ್ನು ಮುಟ್ಟುವುದೇ ಇಲ್ಲ. ಉದ್ದದ ತಪ್ಪೆಲ್ಲ ಗೆರೆ ಅಕ್ಷವನ್ನು ಮುಟ್ಟುವ ಎತ್ತರದೊಳಗೆ ಹೋಗಿ ಕೂರುತ್ತದೆ, ಇಳಿಜಾರಿನಿಂದ ಬರುವ g ಶುದ್ಧವಾಗಿ ಉಳಿಯುತ್ತದೆ. ಒಂದೊಂದು ಉದ್ದಕ್ಕೂ ಬೇರೆಬೇರೆಯಾಗಿ g ಕಂಡುಹಿಡಿದು ಸರಾಸರಿ ಮಾಡುವುದಕ್ಕಿಂತ ಗ್ರಾಫ್ ಎಳೆಯುವುದು ಮೇಲು ಎನ್ನುವುದು ಈ ಕಾರಣಕ್ಕೆ.

ಗೆರೆಯನ್ನು ಕಣ್ಣಳತೆಯಲ್ಲೇ ಎಳೆಯಬಹುದು. ಕಂಪ್ಯೂಟರಿನ ಲೆಕ್ಕದ ಹಾಳೆ ಇದ್ದರೆ A ಕಾಲಮ್ಮಿನಲ್ಲಿ l, B ಕಾಲಮ್ಮಿನಲ್ಲಿ T² ಇಟ್ಟು ಒಂದು ಸಾಲು ಬರೆದರೆ ಸಾಕು:

```
=LINEST(B2:B6,A2:A6,TRUE,TRUE)
```

ಮೊದಲ ಸಾಲಿನಲ್ಲಿ ಇಳಿಜಾರು ಮತ್ತು ಅಕ್ಷವನ್ನು ಮುಟ್ಟುವ ಎತ್ತರ, ಅವುಗಳ ಕೆಳಗೇ ಎರಡರ ಅನಿಶ್ಚಿತತೆ ಬರುತ್ತವೆ. ನಮ್ಮ ಐದು ಬಿಂದುಗಳಿಗೆ ಇಳಿಜಾರು 4.04 ± 0.01, ಮುಟ್ಟುವ ಎತ್ತರ 0.046 ± 0.009. ಎತ್ತರ ಸೊನ್ನೆಯಿಂದ ತನ್ನ ಅನಿಶ್ಚಿತತೆಯ ಐದು ಪಟ್ಟು ದೂರದಲ್ಲಿದೆ. ಇದನ್ನು ಆಕಸ್ಮಿಕ ಎನ್ನುವಂತಿಲ್ಲ. ಅದನ್ನು ಇಳಿಜಾರಿನಿಂದ ಭಾಗಿಸಿದರೆ ಬಿಟ್ಟುಹೋದ ಉದ್ದ ಸಿಗುತ್ತದೆ: 1.1 ± 0.2 ಸೆಂ.ಮೀ. ಇಳಿಜಾರಿನಿಂದ ಬರುವ g = 9.76 ± 0.03. ಇದಕ್ಕೂ 9.78ಕ್ಕೂ ಇರುವ ವ್ಯತ್ಯಾಸ ಅನಿಶ್ಚಿತತೆಯ ಒಳಗೇ ಇದೆ.

ಈಗ ವಿದ್ಯಾರ್ಥಿನಿ ಲ್ಯಾಬಿಗೆ ಮರಳಿ ವರ್ನಿಯರ್ ಕ್ಯಾಲಿಪರ್ಸ್‌ನಿಂದ ಗುಂಡಿನ ವ್ಯಾಸ ಅಳೆಯುತ್ತಾಳೆ: 2.50 ಸೆಂ.ಮೀ. ತ್ರಿಜ್ಯ 1.25. ಲೋಲಕದ ಉದ್ದವೆಂದರೆ ಬಿರಡೆಯಿಂದ ಗುಂಡಿನ ಕೇಂದ್ರದವರೆಗಿನ ದೂರ. ಆಕೆ ಅಳೆದದ್ದು ಗುಂಡಿನ ನೆತ್ತಿಯವರೆಗಿನ ದಾರವನ್ನು ಮಾತ್ರ. ಪ್ರತಿ ಉದ್ದಕ್ಕೂ 1.25 ಸೆಂ.ಮೀ. ಸೇರಿಸಿ ಲೆಕ್ಕ ಮಾಡಿದರೆ ಐದು ಉತ್ತರಗಳು 9.76, 9.81, 9.76, 9.78, 9.77. ಮೇಲೇರುವ ಓಟ ಮಾಯವಾಗಿದೆ. ಉಳಿದಿರುವ ಚದುರುವಿಕೆ ಸುಮಾರು 0.02, ಹೆಬ್ಬೆರಳಿನ ವಿಳಂಬ ಮತ್ತು ಸ್ಕೇಲಿನ ಓದಿಕೆಯಿಂದ ನಾವು ಮೊದಲೇ ಅಂದಾಜು ಮಾಡಿದ್ದೂ ಹೆಚ್ಚುಕಡಿಮೆ ಇಷ್ಟನ್ನೇ. ಲೆಕ್ಕ ಕೂಡಿಬಂತು ಎನ್ನುವುದು ಇದಕ್ಕೆ.

ಇಲ್ಲೂ ಒಂದು ಮಿತಿ ಇದೆ, ಅದನ್ನು ಬರೆಯಲೇಬೇಕು. 1.1 ± 0.2 ಎಂಬುದು 1.25ಕ್ಕೆ ಹೊಂದುತ್ತದೆ ನಿಜ. ಆದರೆ ದಾರ ಬಿರಡೆಯ ಕೆಳಅಂಚಿನಲ್ಲಿ ತೂಗದೆ ಒಂದೆರಡು ಮಿಲಿಮೀಟರ್ ಒಳಗಿನಿಂದ ತೂಗುತ್ತಿದ್ದರೆ ಅದೂ ಇದೇ ಜಾಗದಲ್ಲಿ ಸೇರಿಕೊಳ್ಳುತ್ತದೆ. ಈ ಗ್ರಾಫಿನಿಂದ ಅವೆರಡನ್ನೂ ಬೇರ್ಪಡಿಸಲಾಗದು. ಗ್ರಾಫ್ ಹೇಳುವುದು ಇಷ್ಟೇ: ಒಂದು ಸೆಂಟಿಮೀಟರಿನ ಆಸುಪಾಸಿನ ಉದ್ದ ಬಿಟ್ಟುಹೋಗಿದೆ. ಅದು ತ್ರಿಜ್ಯವೇ ಎಂದು ಹೇಳಲು ಧೈರ್ಯ ಕೊಟ್ಟದ್ದು ಕ್ಯಾಲಿಪರ್ಸ್.

ರಿಷೆರ್ ಮಾಡಿದ ಚರ್ಚೆ

ಲೋಲಕದ ಸಣ್ಣ ಅಂತರವನ್ನು 'ದೋಷ' ಎಂದು ತಳ್ಳಿಹಾಕದೆ ಗಾತ್ರ ಅಳೆದು ನೋಡಿದ್ದರಿಂದ ಭೂಮಿಯ ಆಕಾರವೇ ಗೊತ್ತಾದ ಪ್ರಸಂಗ ಇತಿಹಾಸದಲ್ಲಿದೆ. 1672ರಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ ರಿಷೆರ್ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ. ಅದು ಸಮಭಾಜಕ ವೃತ್ತದಿಂದ ಐದು ಡಿಗ್ರಿ ದೂರದ ಊರು. ಪ್ಯಾರಿಸ್ಸಿನಲ್ಲಿ ಒಂದು ಸೆಕೆಂಡಿಗೆ ಸರಿಯಾಗಿ ಒಂದು ಸಲ ಹಾಯುವ ಲೋಲಕ ಅಲ್ಲಿ ನಿಧಾನವಾಯಿತು. ಸರಿಪಡಿಸಲು ಅದನ್ನು ಸುಮಾರು 2.8 ಮಿಲಿಮೀಟರಿನಷ್ಟು ಗಿಡ್ಡ ಮಾಡಬೇಕಾಯಿತು. ಒಂದು ಮೀಟರಿನ ಹತ್ತಿರ ಇರುವ ಲೋಲಕದಲ್ಲಿ ಅದು ಶೇ. 0.28ರಷ್ಟು.

ಇಷ್ಟು ಸಣ್ಣ ಅಂತರವನ್ನು ನಂಬಬಹುದೇ? ರಿಷೆರ್ ತಿಂಗಳುಗಟ್ಟಲೆ ಆ ಅಳತೆಯನ್ನು ಮತ್ತೆಮತ್ತೆ ಮಾಡಿ ನೋಡಿದ್ದ. ಉಷ್ಣವಲಯದ ಸೆಖೆಗೆ ಲೋಹ ಹಿಗ್ಗಿ ಲೋಲಕ ಉದ್ದವಾಗಿರಬಹುದು ಎಂಬ ಸಂಶಯ ಸಹಜವಾಗಿತ್ತು. ದಿಕ್ಕು ಹೊಂದುತ್ತದೆ. ಗಾತ್ರ? ಕಬ್ಬಿಣ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ ಹನ್ನೆರಡು ಪಾಲಿನಷ್ಟು ಹಿಗ್ಗುತ್ತದೆ. 20 ಡಿಗ್ರಿ ಹೆಚ್ಚಾದರೂ ಶೇ. 0.024. ಬೇಕಾದುದರ ಹತ್ತನೇ ಒಂದು ಭಾಗವೂ ಇಲ್ಲ. ನ್ಯೂಟನ್ ತನ್ನ 'ಪ್ರಿನ್ಸಿಪಿಯಾ'ದಲ್ಲಿ ಈ ಸೆಖೆಯ ವಾದವನ್ನು ಎತ್ತಿಕೊಂಡು, ಅದು ಸಾಲದೆಂದು ತೋರಿಸಿ, ಸಮಭಾಜಕ ವೃತ್ತದ ಬಳಿ ಗುರುತ್ವವೇ ಕಡಿಮೆ, ಭೂಮಿ ನಡುವಿನಲ್ಲಿ ಉಬ್ಬಿದೆ ಎಂಬ ತನ್ನ ವಾದಕ್ಕೆ ರಿಷೆರ್‌ನ ಅಳತೆಯನ್ನು ಆಧಾರವಾಗಿ ಬಳಸಿಕೊಂಡ. ದಿಕ್ಕು ಹೊಂದಿದರೂ ಗಾತ್ರ ಹೊಂದದ ಕಾರಣವನ್ನು ಕೈಬಿಡುವುದು ಎಂದರೆ ಇದೇ. ಬೆಂಗಳೂರಿನ g 9.80665 ಆಗಿರದೆ 9.78 ಆಗಿರಲು ಮುಖ್ಯ ಕಾರಣವೂ ರಿಷೆರ್ ಕಂಡ ಆ ಅಂತರವೇ.

ಕಾಗದದ ಮೇಲೆ ಹೇಗಿರಬೇಕು?

ಇಷ್ಟೆಲ್ಲ ಲೆಕ್ಕ ಮಾಡಿದ ಮೇಲೆ ಚರ್ಚೆ ಹತ್ತು ಪುಟವಾಗಬೇಕಿಲ್ಲ. ನಮ್ಮ ವಿದ್ಯಾರ್ಥಿನಿ ಹೀಗೆ ಬರೆಯಬಹುದು:

"ದಾರದ ಉದ್ದವನ್ನು ನೇರವಾಗಿ ಬಳಸಿದಾಗ g ಸರಾಸರಿ 9.59 ಮೀ./ಸೆ² ಬಂತು. ಇದು ಬೆಂಗಳೂರಿನ ಬೆಲೆ 9.78ಕ್ಕಿಂತ 0.19 ಕಡಿಮೆ. ಒಂದೊಂದು ಉತ್ತರದಲ್ಲಿ ಕಾಲ ಮತ್ತು ಉದ್ದದ ಓದಿಕೆಗಳಿಂದ ಬರುವ ಅನಿಶ್ಚಿತತೆ 0.02ರಿಂದ 0.04 ಮಾತ್ರ, ಆದ್ದರಿಂದ ಅಂತರ ಆಕಸ್ಮಿಕವಲ್ಲ. ಗಾಳಿಯ ತಡೆ (ಹತ್ತು ಲಕ್ಷದಲ್ಲಿ ಕೆಲವು ಪಾಲು) ಮತ್ತು 5 ಡಿಗ್ರಿ ತೂಗಾಟ (ಶೇ. 0.1) ಈ ಅಂತರಕ್ಕೆ ಸಾಲುವುದಿಲ್ಲ. ಗಿಡ್ಡ ದಾರಗಳಿಗೆ g ಹೆಚ್ಚು ಕಡಿಮೆಯಾಗಿ ಬಂದಿರುವುದು ಉದ್ದದಲ್ಲಿ ಸ್ಥಿರವಾದ ಕೊರತೆ ಇದೆಯೆಂದು ಸೂಚಿಸುತ್ತದೆ. T² ಮತ್ತು l ಗ್ರಾಫಿನಿಂದ ಆ ಕೊರತೆ 1.1 ± 0.2 ಸೆಂ.ಮೀ. ಎಂದು ತಿಳಿಯಿತು, ಗುಂಡಿನ ತ್ರಿಜ್ಯ 1.25 ಸೆಂ.ಮೀ. ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯದಿದ್ದುದೇ ಇದಕ್ಕೆ ಕಾರಣವೆಂದು ತೀರ್ಮಾನಿಸುತ್ತೇವೆ. ಬಿರಡೆಯ ಬಳಿ ತೂಗುಬಿಂದು 1-2 ಮಿ.ಮೀ. ಸರಿದಿದ್ದರೆ ಅದನ್ನು ಈ ಗ್ರಾಫ್ ಪ್ರತ್ಯೇಕಿಸಲಾರದು. ಇಳಿಜಾರಿನಿಂದ ಬಂದ g = 9.76 ± 0.03, ಇದು ನಿರೀಕ್ಷಿತ ಬೆಲೆಗೆ ಹೊಂದುತ್ತದೆ."

ಕೊನೆಗೆ ಬರುವ ಸಲಹೆಗಳಿಗೂ ಇದೇ ಶಿಸ್ತು ಬೇಕು. 'ಒಳ್ಳೆಯ ಉಪಕರಣ ಬಳಸಬೇಕು' ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಅನಿಶ್ಚಿತತೆ ದೊಡ್ಡದೋ ಅದನ್ನು ಮೊದಲು ಇಳಿಸಬೇಕು. ಒಂದು ಮೀಟರ್ ದಾರದಲ್ಲಿ ಕಾಲದ ಪಾಲು ಶೇ. 0.2, ಉದ್ದದ್ದು ಶೇ. 0.1. ಆದ್ದರಿಂದ ಮೊದಲ ಸಲಹೆ, 20ರ ಬದಲು 50 ಆಂದೋಲನ ಎಣಿಸುವುದು. ಹೆಬ್ಬೆರಳಿನ 0.04 ಸೆಕೆಂಡು ಆಗ 100 ಸೆಕೆಂಡುಗಳ ಮೇಲೆ ಹರಡಿಕೊಂಡು, g ಮೇಲಿನ ಪರಿಣಾಮ ಶೇ. 0.08ಕ್ಕೆ ಇಳಿಯುತ್ತದೆ. ಸಮಯವನ್ನು ಗುಂಡು ತುದಿಯಲ್ಲಿ ತಿರುಗುವಾಗ ಹಿಡಿಯದೆ ನಡುವಿನ ಗೆರೆ ದಾಟುವಾಗ ಹಿಡಿಯುವುದೂ ಇದೇ ಉದ್ದೇಶಕ್ಕೆ. ತುದಿಯಲ್ಲಿ ಗುಂಡು ತಡೆದು ನಿಲ್ಲುವುದರಿಂದ ಯಾವ ಕ್ಷಣಕ್ಕೆ ತಿರುಗಿತೆಂದು ಹೇಳುವುದು ಕಷ್ಟ, ನಡುವಿನಲ್ಲಿ ಅದು ಅತಿ ವೇಗವಾಗಿ ಹಾಯುತ್ತದೆ. ಇಷ್ಟಾದ ಮೇಲೆ ಉದ್ದವೇ ದುರ್ಬಲ ಕೊಂಡಿ. ಅಲ್ಲಿಂದ ಮುಂದೆ ಎಷ್ಟೇ ದುಬಾರಿ ಸ್ಟಾಪ್‌ವಾಚ್ ತಂದರೂ ಪ್ರಯೋಜನವಿಲ್ಲ, ಸ್ಕೇಲಿನ ಓದಿಕೆ ಸುಧಾರಿಸಬೇಕು.

ಈ ಚರ್ಚೆ ಸಾಧ್ಯವಾದದ್ದು 9.47 ಎಂಬ ಕೆಟ್ಟ ಅಂಕಿಯನ್ನು ಅಳಿಸದೆ ಉಳಿಸಿಕೊಂಡಿದ್ದರಿಂದ. 9.8ಕ್ಕೆ ಹತ್ತಿರ ಬಂದವರಿಗೆ ಹೆಚ್ಚು ಅಂಕ ಸಿಗುವ ಕಡೆ ವಿದ್ಯಾರ್ಥಿಗಳು ಮಾಡುವ ಮೊದಲ ಕೆಲಸ ಅಂಥ ಅಂಕಿಯನ್ನು ತಿದ್ದುವುದು. ತಿದ್ದಿದ ಕ್ಷಣ ಗುಂಡಿನ ತ್ರಿಜ್ಯದ ಸುಳಿವೂ ಅಳಿಸಿಹೋಗುತ್ತದೆ. ಆದ್ದರಿಂದ ರೆಕಾರ್ಡ್ ನೋಡುವ ಅಧ್ಯಾಪಕರಲ್ಲಿ ಒಂದು ಕೋರಿಕೆ: ಉತ್ತರ ಪುಸ್ತಕದ ಬೆಲೆಗೆ ಎಷ್ಟು ಹತ್ತಿರವಿದೆ ಎಂದು ನೋಡಿ ಅಂಕ ಕೊಡಬೇಡಿ. ಬಂದ ಅಂತರಕ್ಕೆ ವಿದ್ಯಾರ್ಥಿ ಕೊಟ್ಟ ಕಾರಣದ ದಿಕ್ಕು, ಗಾತ್ರ, ಗುರುತು ಮೂರೂ ಹೊಂದುತ್ತವೆಯೇ ಎಂದು ನೋಡಿ ಕೊಡಿ.